ವೈವಾದ ಮೊದಲ ಮಾತು: ಥೀಸಿಸ್‌ನ ಕೊಡುಗೆಯನ್ನು ಹೇಳುವ ಬಗೆ

(ಪಿಎಚ್‌ಡಿ ಮುಗಿಸುವ ಹಂತದಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ವೈವಾದ ಒಂದು ಸಣ್ಣ ಭಾಗದ ಬಗ್ಗೆ ಮಾತ್ರ ಮಾತಾಡುತ್ತೇನೆ. ವೈವಾ ಶುರುವಾದಾಗ ಅಭ್ಯರ್ಥಿ ಆಡುವ ಮೊದಲ ಮಾತುಗಳಲ್ಲಿ, "ನನ್ನ ಥೀಸಿಸ್‌ನ ಕೊಡುಗೆ ಇದು" ಎಂದು ಹೇಳುವ ಎರಡು ಮೂರು ನಿಮಿಷ ಇರುತ್ತವಲ್ಲ, ಅದು. ಸ್ಲೈಡ್ ಹೇಗಿರಬೇಕು, ದನಿ ಹೇಗಿರಬೇಕು ಅನ್ನೋದನ್ನೆಲ್ಲ ಪಕ್ಕಕ್ಕಿಡೋಣ.

ಈ ಆರಂಭದ ಮಾತಿಗೆ ಎಲ್ಲ ಕಡೆ ಒಂದೇ ರೂಪ ಇಲ್ಲ. ಫಿನ್ಲೆಂಡ್‌ನಲ್ಲಿ ಇದಕ್ಕೆ ಲೆಕ್ಟಿಯೊ ಪ್ರೆಕರ್ಸೋರಿಯಾ ಎಂಬ ಹೆಸರೇ ಇದೆ. ಅಭ್ಯರ್ಥಿ ಸಭೆಯ ಮುಂದೆ ನಿಂತು ಹೆಚ್ಚೆಂದರೆ 20 ನಿಮಿಷ ಮಾತಾಡುತ್ತಾರೆ. ಆಮೇಲೆ ಪರೀಕ್ಷಕರ ಪ್ರಶ್ನೆ ಶುರು. ಬ್ರಿಟನ್ನಿನ ವೈವಾ ಸಾಮಾನ್ಯವಾಗಿ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಅಲ್ಲಿ ಭಾಷಣ ಇರಲೇಬೇಕೆಂದಿಲ್ಲ. ಆದರೆ "ನಿಮ್ಮ ಕೆಲಸದಲ್ಲಿ ಹೊಸದೇನು, ನಿಮ್ಮ ಮಾತಿನಲ್ಲೇ ಹೇಳಿ" ಎಂಬ ಪ್ರಶ್ನೆ ಬೇಗನೇ ಬರುತ್ತದೆ. ಬೇರೆ ಎಷ್ಟೋ ಕಡೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸ್ಲೈಡ್ ತೋರಿಸಬೇಕಾಗುತ್ತದೆ. ನಾನು ಹೇಳುವುದು ಈ ಎಲ್ಲದಕ್ಕೂ ಹೊಂದುತ್ತದೆ.

ಮೊದಲು ಒಂದು ವಿಷಯ ನೆನಪಿಡಿ. ಎದುರಿಗೆ ಕೂತಿರುವ ಪರೀಕ್ಷಕರು ನಿಮ್ಮ ಥೀಸಿಸ್ ಓದಿಕೊಂಡು ಬಂದಿರುತ್ತಾರೆ. ಎಷ್ಟೋ ಕಡೆ ವೈವಾಗೆ ಮುಂಚೆಯೇ ವರದಿ ಬರೆದು ಕಳಿಸಿರುತ್ತಾರೆ. ಪ್ರಶ್ನೆಗಳ ಪಟ್ಟಿಯೂ ಅವರ ಕೈಯಲ್ಲಿದೆ. ಹಾಗಾಗಿ ಥೀಸಿಸ್‌ನ ಸಾರಾಂಶ ಹೇಳಿದರೆ ಅವರಿಗೆ ಹೊಸದಾಗಿ ಏನೂ ಸಿಗುವುದಿಲ್ಲ. ಅವರು ಕಿವಿಗೊಡುವುದು ಬೇರೆ ಒಂದಕ್ಕೆ. ಇನ್ನೂರು ಮುನ್ನೂರು ಪುಟಗಳಲ್ಲಿ ಹತ್ತಾರು ವಿಷಯಗಳಿವೆ. ಇವುಗಳಲ್ಲಿ ಯಾವುದನ್ನು ಈ ಅಭ್ಯರ್ಥಿ ತನ್ನ ಮುಖ್ಯ ಮಾತು ಎಂದು ಹಿಡಿದು ನಿಲ್ಲುತ್ತಾರೆ? ನೀವು ಯಾವುದನ್ನು ಹಿಡಿಯುತ್ತೀರೋ ಮುಂದಿನ ಒಂದೆರಡು ಗಂಟೆ ಅದನ್ನೇ ಎಳೆದು ನೋಡುತ್ತಾರೆ.

ಇದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇದು ನಾನೇ ಕಟ್ಟಿದ ಉದಾಹರಣೆ, ಅಂಕಿಗಳೂ ಮಾತಿಗೋಸ್ಕರ ಇಟ್ಟುಕೊಂಡವು. ಒಬ್ಬ ವಿದ್ಯಾರ್ಥಿನಿ ನೀರು ಸರಬರಾಜಿನ ಪೈಪುಗಳಲ್ಲಿ ಸೋರಿಕೆ ಎಲ್ಲಿದೆ ಎಂದು ಪತ್ತೆಹಚ್ಚುವ ಬಗ್ಗೆ ಥೀಸಿಸ್ ಬರೆದಿದ್ದಾರೆ. ನೆಲದೊಳಗಿನ ಪೈಪು ಒಡೆದರೆ ಸುತ್ತಮುತ್ತ ನೀರಿನ ಒತ್ತಡ ಸ್ವಲ್ಪ ಇಳಿಯುತ್ತದೆ. ಅಲ್ಲಲ್ಲಿ ಒತ್ತಡದ ಸೆನ್ಸರ್ ಇಟ್ಟು, ಕಂಪ್ಯೂಟರ್ ಮಾದರಿಯ ಲೆಕ್ಕದ ಜೊತೆ ಹೋಲಿಸಿ ನೋಡಿದರೆ ಒಡೆದ ಜಾಗ ಅಂದಾಜಾಗಿ ಸಿಗುತ್ತದೆ. ಅವರ ಆರಂಭದ ಮಾತಿನ ಮೊದಲ ಕರಡು ಹೀಗಿದೆ ಎಂದುಕೊಳ್ಳಿ:

"ನನ್ನ ಥೀಸಿಸ್‌ನಲ್ಲಿ ಒಂದು ಪೈಪು ಜಾಲದ ಮಾದರಿ ತಯಾರಿಸಿದ್ದೇನೆ. ಸೆನ್ಸರ್‌ಗಳನ್ನು ಎಲ್ಲಿಡಬೇಕು ಎಂದು ತೀರ್ಮಾನಿಸಲು ಹೊಸ ಅಲ್ಗಾರಿದಂ ಬರೆದಿದ್ದೇನೆ. ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದೇನೆ. ನಿಜವಾದ ಒಂದು ಜಾಲದ ಅಳತೆಗಳನ್ನೂ ವಿಶ್ಲೇಷಿಸಿದ್ದೇನೆ. ನಿಖರತೆ ಶೇ 12ರಷ್ಟು ಹೆಚ್ಚಿದೆ. ಇದುವರೆಗೆ ಯಾರೂ ಈ ರೀತಿ ಮಾಡಿಲ್ಲ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಶ್ರಮವೂ ಕಾಣುತ್ತದೆ. ಆದರೂ ಪರೀಕ್ಷಕರ ಜಾಗದಲ್ಲಿ ಕೂತು ಕೇಳಿ. ತಯಾರಿಸಿದ್ದೇನೆ, ಬರೆದಿದ್ದೇನೆ, ಪರೀಕ್ಷಿಸಿದ್ದೇನೆ, ವಿಶ್ಲೇಷಿಸಿದ್ದೇನೆ. ಎಲ್ಲ ಕ್ರಿಯಾಪದಗಳೂ ಮಾಡಿದ ಕೆಲಸವನ್ನು ಹೇಳುತ್ತವೆ. ಅಧ್ಯಾಯಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಹೇಳುತ್ತವೆ. ಈ ಕೆಲಸದಿಂದ ಸೋರಿಕೆಯ ಬಗ್ಗೆ ನಮಗೆ ಹೊಸದಾಗಿ ಏನು ಗೊತ್ತಾಯಿತು ಅನ್ನೋದು ಎಲ್ಲೂ ಇಲ್ಲ.

ಆಗ ಪ್ರಶ್ನೆಗಳು ಹೇಗೆ ಬರುತ್ತವೆ? "ಶೇ 12 ಯಾವುದಕ್ಕೆ ಹೋಲಿಸಿದರೆ? ಇಂಥದ್ದೇ ಇನ್ನೊಂದು ಅಲ್ಗಾರಿದಂ ಇದೆಯಲ್ಲ, ಅದನ್ನು ಯಾಕೆ ಬಳಸಲಿಲ್ಲ? ಎಷ್ಟು ಹೊತ್ತು ಓಡುತ್ತದೆ?" ಇಡೀ ವೈವಾ ಅಲ್ಗಾರಿದಂ ಸುತ್ತಲೇ ತಿರುಗುತ್ತದೆ. ಈ ಥೀಸಿಸ್‌ನಲ್ಲಿ ಅಲ್ಗಾರಿದಂ ಒಂದು ಸಲಕರಣೆ ಅಷ್ಟೇ. ಅದನ್ನು ಕೊಡುಗೆ ಎಂದು ಮುಂದಿಟ್ಟವರು ಅಭ್ಯರ್ಥಿಯೇ. ಹಾಗಾಗಿ ಪರೀಕ್ಷಕರು ಅದನ್ನೇ ಕೊಡುಗೆಯಾಗಿ ತೂಗುತ್ತಾರೆ, ಹಗುರ ಎನ್ನುತ್ತಾರೆ.

ಆರಂಭದ ಮಾತು ದಾರಿ ತಪ್ಪಿದೆ ಎಂದು ತಿಳಿಯುವುದು ಹೀಗೆಯೇ. ನಿಮಗೆ ತೀರಾ ಮುಖ್ಯ ಅನ್ನಿಸಿದ ಅಧ್ಯಾಯದ ಮೇಲೆ ಯಾರೂ ಪ್ರಶ್ನೆ ಕೇಳುತ್ತಿಲ್ಲ, ಸಲಕರಣೆಯ ಮೇಲೆ ಮಾತ್ರ ಕೇಳುತ್ತಿದ್ದಾರೆ. ಅಣಕು ವೈವಾದಲ್ಲೇ ಇದು ಗೊತ್ತಾಗುತ್ತದೆ.

ಈಗ ಅದೇ ಥೀಸಿಸ್‌ನ ಒಳಗೆ ಹೋಗೋಣ. ನಾಲ್ಕನೇ ಅಧ್ಯಾಯದಲ್ಲಿ ಒಂದು ಕುತೂಹಲದ ಫಲಿತಾಂಶ ಇದೆ. ಹಗಲಿನಲ್ಲಿ 24 ಸೆನ್ಸರ್ ಬಳಸಿದರೆ ಸೋರಿಕೆಯ ಜಾಗ ಸುಮಾರು 300 ಮೀಟರ್ ಪೈಪಿನ ಒಳಗೆ ಸಿಗುತ್ತದೆ. ರಾತ್ರಿ 2ರಿಂದ 4 ಗಂಟೆಯ ಅಳತೆಗಳನ್ನು ಮಾತ್ರ ತೆಗೆದುಕೊಂಡರೆ 10 ಸೆನ್ಸರ್ ಸಾಕು, ಅದೇ 300 ಮೀಟರ್ ಸಿಗುತ್ತದೆ. ವಿದ್ಯಾರ್ಥಿನಿ ಇದನ್ನು ಅಲ್ಗಾರಿದಂನ ಯಶಸ್ಸು ಎಂದು ಬರೆದಿದ್ದಾರೆ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಥೀಸಿಸ್ ಓದುವ ಮೊದಲು, ಈ ವಿಷಯ ಚೆನ್ನಾಗಿ ತಿಳಿದವರು ಏನೆನ್ನುತ್ತಿದ್ದರು? ಸೋರಿಕೆ ಸರಿಯಾಗಿ ಸಿಗುತ್ತಿಲ್ಲ ಎಂದರೆ "ಇನ್ನಷ್ಟು ಸೆನ್ಸರ್ ಹಾಕಿ, ಒಳ್ಳೆಯ ಜಾಗದಲ್ಲಿ ಹಾಕಿ" ಎನ್ನುತ್ತಿದ್ದರು. ಓದಿದ ಮೇಲೆ? "ಮೊದಲು ಯಾವ ಹೊತ್ತಿನ ಅಳತೆ ಬಳಸುತ್ತಿದ್ದೀರಿ ನೋಡಿ" ಎನ್ನಬೇಕಾಗುತ್ತದೆ. ಯಾಕೆಂದರೆ ಹಗಲಿನಲ್ಲಿ ಯಾವ ಮನೆ ಎಷ್ಟು ನೀರು ಬಳಸುತ್ತಿದೆ ಎಂದು ಯಾರಿಗೂ ಗೊತ್ತಿಲ್ಲ. ಆ ಬಳಕೆಯ ಏರಿಳಿತವೂ ಒತ್ತಡವನ್ನು ಇಳಿಸುತ್ತದೆ. ಸೋರಿಕೆಯ ಗುರುತು ಅದರಲ್ಲಿ ಮುಚ್ಚಿಹೋಗುತ್ತದೆ. ಮುಂಚೆ ಕೊಡುತ್ತಿದ್ದ ಉತ್ತರಕ್ಕೂ ಈಗ ಕೊಡುವ ಉತ್ತರಕ್ಕೂ ಇರುವ ಈ ವ್ಯತ್ಯಾಸವೇ ಕೊಡುಗೆ. ಅಲ್ಗಾರಿದಂ, ಮಾದರಿ, ಪ್ರಯೋಗ ಇವೆಲ್ಲ ಆ ವ್ಯತ್ಯಾಸಕ್ಕೆ ಸಾಕ್ಷಿ.

ಜಾನ್ ಸ್ವೇಲ್ಸ್ ಎಂಬ ಭಾಷಾ ವಿದ್ವಾಂಸರು 1990ರಲ್ಲಿ ಸಂಶೋಧನಾ ಲೇಖನಗಳ ಪೀಠಿಕೆಗೆ ಒಂದು ಮಾದರಿ ಕೊಟ್ಟರು. ಪೀಠಿಕೆಯಲ್ಲಿ ಮೂರು ನಡೆಗಳಿರುತ್ತವೆ. ಮೊದಲು ಕ್ಷೇತ್ರವನ್ನು ಪರಿಚಯಿಸುವುದು, ಆಮೇಲೆ ಅದರಲ್ಲಿ ನಮಗೊಂದು ಜಾಗ ಇದೆ ಎಂದು ತೋರಿಸುವುದು, ಕೊನೆಗೆ ಆ ಜಾಗದಲ್ಲಿ ಕೂರುವುದು. ಆ ಎರಡನೇ ನಡೆಗೆ ಅವರು ನಾಲ್ಕು ದಾರಿಗಳನ್ನು ಗುರುತಿಸಿದ್ದರು. ಇದುವರೆಗಿನ ಮಾತನ್ನು ವಿರೋಧಿಸಬಹುದು, ಇಲ್ಲಿ ಒಂದು ಕೊರತೆ ಇದೆ ಎನ್ನಬಹುದು, ಒಂದು ಪ್ರಶ್ನೆ ಎತ್ತಬಹುದು, ನಡೆದುಬಂದ ಕೆಲಸವನ್ನೇ ಮುಂದುವರಿಸಬಹುದು.

ನಮ್ಮ ವಿದ್ಯಾರ್ಥಿಗಳು ಯಾವಾಗಲೂ ಹಿಡಿಯುವುದು ಎರಡನೆಯ ದಾರಿಯನ್ನೇ. "ಯಾರೂ ಮಾಡಿಲ್ಲ, ಹಾಗಾಗಿ ನಾನು ಮಾಡಿದೆ." ನನ್ನ ಪ್ರಕಾರ ಇದು ನಾಲ್ಕರಲ್ಲಿ ತೀರಾ ಬಲಹೀನವಾದದ್ದು. ಮಾಡುವಷ್ಟು ಉಪಯೋಗ ಇಲ್ಲ ಎಂತಲೇ ಯಾರೂ ಮಾಡದೆ ಬಿಟ್ಟಿರಬಹುದು, ಅಲ್ವಾ? ಜೊತೆಗೆ "ಇದೇ ಮೊದಲು" ಎಂದರೆ ಪರೀಕ್ಷಕರ ಕೆಲಸ ಸುಲಭವಾಗುತ್ತದೆ. ಯಾರೂ ನೋಡದ ಒಂದೇ ಒಂದು ಹಳೆಯ ಲೇಖನ ತೋರಿಸಿದರೂ ಸಾಕು, ನಿಮ್ಮ ಕೊಡುಗೆ ಕುಸಿದು ಬಿತ್ತು. ನಮ್ಮ ಉದಾಹರಣೆಯಲ್ಲಿ ಇದು ಇನ್ನೂ ಅಪಾಯ. ಸೋರಿಕೆಯ ಪ್ರಮಾಣ ತಿಳಿಯಲು ರಾತ್ರಿಯ ಹರಿವನ್ನು ಅಳೆಯುವುದು ನೀರು ಸರಬರಾಜಿನವರಿಗೆ ಹಳೆಯ ರೂಢಿ. "ರಾತ್ರಿಯ ಅಳತೆ ಬಳಸಿದ್ದು ನಾನೇ ಮೊದಲು" ಎಂದು ಹೇಳಿದ ಮರುಕ್ಷಣ ಯಾರಾದರೂ ತಡೆಯುತ್ತಾರೆ.

ಈ ಥೀಸಿಸ್‌ಗೆ ಹೊಂದುವುದು ಮೊದಲನೆಯ ದಾರಿ. ಇದುವರೆಗೆ ತೊಂದರೆ ಇಲ್ಲಿದೆ ಎಂದುಕೊಂಡಿದ್ದೆವು, ಅದು ಇನ್ನೊಂದು ಕಡೆ ಇದೆ. ಹಾಗೆ ಬರೆದರೆ ಮಾತು ಹೀಗಾಗುತ್ತದೆ:

"ಒತ್ತಡದ ಅಳತೆಯಿಂದ ಸೋರಿಕೆಯ ಜಾಗ ಹುಡುಕುವ ಕೆಲಸಗಳು ಹೆಚ್ಚಾಗಿ ಸೆನ್ಸರ್‌ಗಳ ಸಂಖ್ಯೆ ಮತ್ತು ಜಾಗದ ಮೇಲೆ ಗಮನ ಇಟ್ಟಿವೆ. ನಾನು ನೋಡಿದ ಜಾಲಗಳಲ್ಲಿ ನಿಖರತೆಗೆ ದೊಡ್ಡ ಅಡ್ಡಿ ಸೆನ್ಸರ್‌ಗಳ ಕೊರತೆಯಲ್ಲ, ಗ್ರಾಹಕರ ಬಳಕೆ ಎಷ್ಟು ಎಂದು ತಿಳಿಯದಿರುವುದು ಎಂದು ನನ್ನ ಥೀಸಿಸ್ ತೋರಿಸುತ್ತದೆ. ಬಳಕೆ ತೀರಾ ಕಡಿಮೆ ಇರುವ ರಾತ್ರಿ 2ರಿಂದ 4 ಗಂಟೆಯ ಅಳತೆಗಳಲ್ಲಿ 10 ಸೆನ್ಸರ್‌ಗಳು ಹಗಲಿನ 24 ಸೆನ್ಸರ್‌ಗಳಷ್ಟೇ ಚೆನ್ನಾಗಿ ಜಾಗ ತೋರಿಸುತ್ತವೆ. ಇದನ್ನು ಕಂಪ್ಯೂಟರ್ ಮಾದರಿಯಲ್ಲಿ, ಪ್ರಯೋಗಾಲಯದ ಪೈಪುಗಳಲ್ಲಿ ಮತ್ತು ನಿಜವಾದ ಒಂದು ಜಾಲದಲ್ಲಿ ನೋಡಿದ್ದೇನೆ. ರಾತ್ರಿ ಹೊತ್ತಿನಲ್ಲೇ ಟ್ಯಾಂಕುಗಳು ತುಂಬುವ ಜಾಲಗಳಿಗೆ ಈ ಮಾತು ಅನ್ವಯಿಸುವುದಿಲ್ಲ."

ಓದಲು ಒಂದು ನಿಮಿಷವೂ ಬೇಡ. ಥೀಸಿಸ್‌ನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಆದರೆ ಈಗ ಬರುವ ಪ್ರಶ್ನೆಗಳೇ ಬೇರೆ.

ಒಬ್ಬ ಒಳ್ಳೆಯ ಪರೀಕ್ಷಕರು ಇದಕ್ಕೆ ಏನು ಕೇಳಬಹುದು ನೋಡಿ. "ಪೈಪಿನಲ್ಲಿ ಒತ್ತಡ ಇಳಿಯುವುದು ಹರಿವಿನ ಸುಮಾರು 1.85ನೇ ಘಾತಕ್ಕೆ ಅನುಗುಣವಾಗಿ. ರಾತ್ರಿ ಹರಿವು ಕಡಿಮೆ. ಹಾಗಾಗಿ ಸೋರಿಕೆಯಿಂದ ಒತ್ತಡದಲ್ಲಿ ಆಗುವ ವ್ಯತ್ಯಾಸವೂ ರಾತ್ರಿ ಚಿಕ್ಕದಾಗಬೇಕಲ್ಲ? ಮತ್ತೆ ಕಡಿಮೆ ಸೆನ್ಸರ್ ಸಾಕಾಗಿದ್ದು ಹೇಗೆ?" ಇದು ಗಟ್ಟಿ ಪ್ರಶ್ನೆ. ಆದರೆ ಥೀಸಿಸ್‌ನ ಹೃದಯಕ್ಕೆ ಬಂದು ನಿಲ್ಲುವ ಪ್ರಶ್ನೆ. ಇದಕ್ಕೆ ಉತ್ತರವೂ ಅದೇ ಅಧ್ಯಾಯದಲ್ಲಿದೆ. ಸೋರಿಕೆಯ ಗುರುತು ರಾತ್ರಿ ಚಿಕ್ಕದಾಗುವುದು ನಿಜ. ಅದನ್ನು ಮುಚ್ಚುವ ಬಳಕೆಯ ಏರಿಳಿತ ಅದಕ್ಕಿಂತ ಜಾಸ್ತಿ ಚಿಕ್ಕದಾಗುತ್ತದೆ. ಹಾಗಾಗಿ ಗುರುತು ಎದ್ದು ಕಾಣುತ್ತದೆ. ಸೆನ್ಸರ್ ಎಷ್ಟು ಸಣ್ಣ ವ್ಯತ್ಯಾಸವನ್ನು ಅಳೆಯಬಲ್ಲದು ಎಂಬ ಮಿತಿ ಬರುವ ತನಕ ಇದು ನಡೆಯುತ್ತದೆ. ಅಭ್ಯರ್ಥಿ ತನಗೆ ಚೆನ್ನಾಗಿ ಗೊತ್ತಿರುವ ನೆಲದ ಮೇಲೆ ನಿಂತು ಉತ್ತರ ಹೇಳುತ್ತಾರೆ.

ಇನ್ನು ಆ ಮಾತಿನ ಒಳಗಿನ ಒಂದು ಪದದ ಹತ್ತಿರ ಸ್ವಲ್ಪ ನಿಲ್ಲೋಣ. "ತೋರಿಸುತ್ತದೆ" ಎಂದಿದೆ. ತೋರಿಸುವುದು ಏನನ್ನು? ಗಮನ ಇಟ್ಟು ನೋಡಿದರೆ ಅಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ರಾತ್ರಿಯ 10 ಸೆನ್ಸರ್ ಹಗಲಿನ 24ಕ್ಕೆ ಸಮ ಎನ್ನುವುದು ಒಂದು. ಇದು ಕಂಡದ್ದು, ಅಳತೆಯೇ ಇದಕ್ಕೆ ಸಾಕ್ಷಿ. ಇದಕ್ಕೆ ಕಾರಣ ಬಳಕೆಯ ಅನಿಶ್ಚಿತತೆ ಎನ್ನುವುದು ಇನ್ನೊಂದು. ಇದಕ್ಕೆ ಬೇರೆಯೇ ಸಾಕ್ಷಿ ಬೇಕು. ರಾತ್ರಿಗೂ ಹಗಲಿಗೂ ಬಳಕೆಯೊಂದೇ ವ್ಯತ್ಯಾಸ ಅಲ್ಲ. ರಾತ್ರಿ ಜಾಲದಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಸೋರಿಕೆಯೂ ಜಾಸ್ತಿ ಆಗುತ್ತದೆ. ಪಂಪುಗಳು ಬೇರೆ ರೀತಿ ಓಡುತ್ತಿರಬಹುದು.

ಕಾರಣವನ್ನು ಹಿಡಿಯಬೇಕಾದರೆ ಒಂದು ಪರೀಕ್ಷೆ ಮಾಡಿರಬೇಕು. ಕಂಪ್ಯೂಟರ್ ಮಾದರಿಯಲ್ಲಿ ಹಗಲಿನ ಬಳಕೆಯ ನಿಜವಾದ ಅಂಕಿಗಳನ್ನೇ ಲೆಕ್ಕಕ್ಕೆ ಕೊಟ್ಟು ನೋಡಬೇಕು. ಆಗ ಹಗಲಿನಲ್ಲೂ 10 ಸೆನ್ಸರ್ ಸಾಕಾದರೆ ಅಡ್ಡಿ ಬಳಕೆಯದ್ದೇ ಎಂದು ಧೈರ್ಯವಾಗಿ ಹೇಳಬಹುದು. ಹಾಗೆಯೇ ಹಗಲಿನಲ್ಲಿ ಸೆನ್ಸರ್‌ಗಳನ್ನು 24ರಿಂದ 40ಕ್ಕೆ ಏರಿಸಿದರೂ ಹೆಚ್ಚೇನೂ ಸುಧಾರಿಸಲಿಲ್ಲ ಎಂಬ ಚಿತ್ರ ಥೀಸಿಸ್‌ನಲ್ಲಿದ್ದರೆ ಮಾತು ಇನ್ನೂ ಗಟ್ಟಿ. ಈ ಎರಡೂ ಇಲ್ಲದಿದ್ದರೆ "10 ಸೆನ್ಸರ್ 24ಕ್ಕೆ ಸಮ ಎಂದು ತೋರಿಸುತ್ತದೆ, ಬಳಕೆಯ ಅನಿಶ್ಚಿತತೆಯೇ ಇದಕ್ಕೆ ಕಾರಣ ಇರಬಹುದು ಎಂದು ಸೂಚಿಸುತ್ತದೆ" ಎಂದು ಕ್ರಿಯಾಪದವನ್ನು ಇಳಿಸಬೇಕು. ಇದು ಸೋಲಲ್ಲ. ಒಂದೊಂದು ಕ್ರಿಯಾಪದದ ಹಿಂದೆ ಯಾವ ಪುಟದ ಯಾವ ಚಿತ್ರ ಇದೆ ಎಂದು ನಿಮಗೆ ಗೊತ್ತಿದ್ದರೆ ಮಾತು ಸಾಕ್ಷಿಯ ಅಳತೆಗೆ ತಾನಾಗಿ ಬಂದು ಕೂರುತ್ತದೆ. ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ. ಆರಂಭದ ಮಾತನ್ನು ಕಾಗದದ ಮೇಲೆ ಬರೆಯಿರಿ. ಪ್ರತಿ ವಾಕ್ಯದ ಪಕ್ಕ ಪುಟದ ಸಂಖ್ಯೆ ಹಾಕಿ. ಪುಟ ಸಿಗದ ವಾಕ್ಯವನ್ನು ತೆಗೆಯಿರಿ, ಇಲ್ಲವೇ ಇಳಿಸಿ.

ಈಗ ಮಿತಿಯ ವಿಷಯ. ಹೆಚ್ಚಿನವರು ಮಿತಿಗಳನ್ನು ಕೊನೆಯ ಸ್ಲೈಡ್‌ಗೆ ತಳ್ಳುತ್ತಾರೆ. ಅಲ್ಲಿ ಅದು ಕ್ಷಮೆ ಕೇಳಿದ ಹಾಗೆ ಕೇಳಿಸುತ್ತದೆ. ಮೇಲಿನ ಮಾತಿನಲ್ಲಿ ಟ್ಯಾಂಕು ತುಂಬುವ ಜಾಲಗಳ ಸಂಗತಿ ಕೊಡುಗೆಯ ಜೊತೆಯಲ್ಲೇ ಬಂದಿದೆ. ಅಲ್ಲಿ ಅದು ಮಾತಿನ ಬೇಲಿಯಂತೆ ಕೆಲಸ ಮಾಡುತ್ತದೆ: ಇಷ್ಟು ನೆಲ ನನ್ನದು, ಇದರಾಚೆ ನಾನು ಕೇಳುತ್ತಿಲ್ಲ. ರಾತ್ರಿ ಟ್ಯಾಂಕು ತುಂಬುವ ಕಡೆ ರಾತ್ರಿಯ ಬಳಕೆ ಕಡಿಮೆ ಇರುವುದೇ ಇಲ್ಲ. ಹಾಗಾಗಿ ಕಾರಣ ತಿಳಿದವರಿಗೆ ಈ ಮಿತಿ ಸಹಜ ಅನ್ನಿಸುತ್ತದೆ. ಕಾರಣದಿಂದಲೇ ಹುಟ್ಟಿದ ಇಂಥ ಮಿತಿಯನ್ನು ಮಾತ್ರ ಆರಂಭದಲ್ಲಿ ಹೇಳಿ. "ಸಮಯ ಸಾಲಲಿಲ್ಲ, ದತ್ತಾಂಶ ಕಡಿಮೆ ಇತ್ತು" ಎನ್ನುವುದನ್ನು ಕೇಳಿದಾಗ ಹೇಳಿದರೆ ಸಾಕು.

ಜಂಟಿ ಕೆಲಸದ ಬಗ್ಗೆ ಒಂದು ಮಾತು. ಈಗ ಬಹಳ ಥೀಸಿಸ್‌ಗಳು ಹಲವರು ಸೇರಿ ಬರೆದ ಲೇಖನಗಳಿಂದ ಕಟ್ಟಿದವು. ಲೇಖನದಲ್ಲಿ "ನಾವು" ಎಂದು ಬರೆದು ರೂಢಿಯಾಗಿ ವೈವಾದಲ್ಲೂ "ನಾವು ಕಂಡುಕೊಂಡೆವು" ಎಂದೇ ಬಾಯಿಗೆ ಬರುತ್ತದೆ. ಆದರೆ ಪದವಿ ಸಿಗುವುದು ಒಬ್ಬರಿಗೆ. ಇದರಲ್ಲಿ ನಿಮ್ಮ ಪಾಲು ಯಾವುದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರುವ ಮೊದಲೇ ಒಂದು ವಾಕ್ಯದಲ್ಲಿ ಹೇಳಿಬಿಡಿ. "ಪ್ರಯೋಗಾಲಯದ ಪೈಪುಗಳನ್ನು ಕಟ್ಟಿದ್ದು ತಂಡ. ಪ್ರಯೋಗದ ಯೋಜನೆ, ಮಾದರಿ ಮತ್ತು ವಿಶ್ಲೇಷಣೆ ನನ್ನದು." ಇಲ್ಲಿ ಸಂಕೋಚವೂ ಬೇಡ, ಹೆಚ್ಚು ಹೇಳಿಕೊಳ್ಳುವುದೂ ಬೇಡ. ಸಹಲೇಖಕರಲ್ಲಿ ಒಬ್ಬರು ನಿಮ್ಮ ಗೈಡ್ ಆಗಿ ಅದೇ ಕೋಣೆಯಲ್ಲಿ ಕೂತಿರಬಹುದು, ಅದನ್ನೂ ಮರೆಯಬೇಡಿ.

ಉಪನ್ಯಾಸದ ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತಿದ್ದೇನೆ.

"ನನ್ನ ಥೀಸಿಸ್‌ನಲ್ಲಿ ನಾಲ್ಕು ಕೊಡುಗೆಗಳಿವೆ ಎಂದು ಬರೆದಿದ್ದೇನೆ. ಒಂದನ್ನೇ ಹೇಳಿದರೆ ಉಳಿದವು ವ್ಯರ್ಥ ಆಗಲ್ವಾ ಮೇಡಂ?" ಎಂದು ಒಬ್ಬರು ಕೇಳಿದರು. ವ್ಯರ್ಥ ಆಗುವುದಿಲ್ಲ. ನಾಲ್ಕನ್ನು ಸಮವಾಗಿ ಸಾಲಾಗಿ ಇಟ್ಟರೆ ಪರೀಕ್ಷಕರು ಅವುಗಳಲ್ಲಿ ತೀರಾ ಬಡಕಲಾದದ್ದನ್ನು ಆರಿಸಿ ಎತ್ತಿಕೊಳ್ಳುತ್ತಾರೆ. ಒಂದನ್ನು ಮುಖ್ಯ ಮಾಡಿ, ಉಳಿದವು ಅದಕ್ಕೆ ಹೇಗೆ ಆಸರೆಯಾಗಿವೆ ಎಂದು ಹೇಳಿ. "ಇದನ್ನು ಪರೀಕ್ಷಿಸಲು ಸೆನ್ಸರ್‌ಗಳ ಜಾಗ ಆರಿಸುವ ಒಂದು ವಿಧಾನ ಬೇಕಾಯಿತು, ಅದನ್ನು ಮೂರನೇ ಅಧ್ಯಾಯದಲ್ಲಿ ಕೊಟ್ಟಿದ್ದೇನೆ" ಎಂದರೆ ಅಲ್ಗಾರಿದಂಗೂ ಅದರ ಜಾಗ ಸಿಗುತ್ತದೆ. ಒಂದಕ್ಕೊಂದು ನಿಜವಾಗಿಯೂ ಸಂಬಂಧವಿಲ್ಲದ ಎರಡು ಕೊಡುಗೆಗಳಿದ್ದರೆ ಎರಡನ್ನೂ ಹೇಳಿ. ಬಲವಂತವಾಗಿ ಗಂಟು ಹಾಕಿದರೆ ಆ ಗಂಟನ್ನೇ ಬಿಚ್ಚಲು ಹೊರಡುತ್ತಾರೆ.

ಇನ್ನೊಬ್ಬರು, "ನನ್ನ ಊಹೆ ಸುಳ್ಳಾಯಿತು, ಫಲಿತಾಂಶ ಬರಲಿಲ್ಲ. ಕೊಡುಗೆ ಅಂತ ಏನು ಹೇಳಲಿ?" ಎಂದರು. ಅಲ್ಲಿಯೂ ಅದೇ ಪ್ರಶ್ನೆ: ಮುಂಚೆ ತಿಳಿದವರು ಏನೆನ್ನುತ್ತಿದ್ದರು, ಈಗ ಏನೆನ್ನಬೇಕು? ಒಂದು ವಿಧಾನ ಕೆಲಸ ಮಾಡುತ್ತದೆ ಎಂದು ಜನ ನಂಬಲು ಒಳ್ಳೆಯ ಕಾರಣಗಳಿದ್ದು, ಅದು ಇಂಥ ಸನ್ನಿವೇಶದಲ್ಲಿ ಕೆಲಸ ಮಾಡುವುದಿಲ್ಲ ಎಂದು ನೀವು ತೋರಿಸಿದ್ದರೆ ಅದು ಕೊಡುಗೆಯೇ. ಆದರೆ ಒಂದು ಷರತ್ತು ಇದೆ. ಪರಿಣಾಮ ಇದ್ದಿದ್ದರೆ ನಿಮ್ಮ ಪ್ರಯೋಗಕ್ಕೆ ಅದು ಕಾಣುವಷ್ಟು ಶಕ್ತಿ ಇತ್ತು ಎಂದು ತೋರಿಸಬೇಕು. ಸ್ಯಾಂಪಲ್‌ನ ಗಾತ್ರ, ಅಳತೆಯ ಸೂಕ್ಷ್ಮತೆ, ಎಷ್ಟು ಸಣ್ಣ ಪರಿಣಾಮದವರೆಗೆ ಹಿಡಿಯಬಲ್ಲಿರಿ ಎನ್ನುವ ಅಂಕಿ, ಇವು ಆರಂಭದ ಮಾತಿನಲ್ಲೇ ಬರಬೇಕು. ಅದಿಲ್ಲದೆ "ಸಿಗಲಿಲ್ಲ" ಎಂದರೆ ಸರಿಯಾಗಿ ಹುಡುಕಲಿಲ್ಲ ಎಂದೇ ಕೇಳಿಸುತ್ತದೆ.

ಕೊನೆಯ ಪ್ರಶ್ನೆ ಪ್ರಾಯೋಗಿಕವಾದದ್ದು. "ಥೀಸಿಸ್ ಆಗಲೇ ಸಲ್ಲಿಸಿಯಾಗಿದೆ. ಅದರ ಸಾರಾಂಶದಲ್ಲಿ ಅಲ್ಗಾರಿದಂ ಅನ್ನೇ ಕೊಡುಗೆ ಎಂದು ಬರೆದಿದ್ದೇನೆ. ಈಗ ವೈವಾದಲ್ಲಿ ಬೇರೆ ಹೇಳಿದರೆ ಪರೀಕ್ಷಕರು ಒಪ್ಪುತ್ತಾರಾ?" ಮುಚ್ಚಿಡದೆ ಹೇಳಿದರೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. "ಸಾರಾಂಶದಲ್ಲಿ ವಿಧಾನವನ್ನು ಮುಂದಿಟ್ಟಿದ್ದೇನೆ. ಬರೆದು ಮುಗಿಸಿದ ಮೇಲೆ ನಾಲ್ಕನೇ ಅಧ್ಯಾಯದ ಫಲಿತಾಂಶವೇ ಹೆಚ್ಚು ಮುಖ್ಯ ಎಂದು ನನಗೆ ಅನ್ನಿಸಿದೆ. ಹಾಗಾಗಿ ಇವತ್ತು ಅದನ್ನು ಮೊದಲು ಹೇಳುತ್ತೇನೆ" ಎಂದು ಒಂದೆರಡು ವಾಕ್ಯದಲ್ಲಿ ತಿಳಿಸಿ. ಆದರೆ ಥೀಸಿಸ್‌ನಲ್ಲಿ ಇಲ್ಲದ ಫಲಿತಾಂಶವನ್ನು, ಸಲ್ಲಿಸಿದ ಮೇಲೆ ಮಾಡಿದ ಪ್ರಯೋಗವನ್ನು ಕೊಡುಗೆ ಎಂದು ತರಬೇಡಿ. ಪರೀಕ್ಷೆ ನಡೆಯುತ್ತಿರುವುದು ಸಲ್ಲಿಸಿದ ಪುಟಗಳ ಮೇಲೆ. ತಿದ್ದುಪಡಿಗೆ ಅವಕಾಶ ಕೊಟ್ಟರೆ ಸಾರಾಂಶ ಮತ್ತು ಕೊನೆಯ ಅಧ್ಯಾಯವನ್ನು ಈ ಹೊಸ ಮಾತಿಗೆ ಹೊಂದುವಂತೆ ಬದಲಿಸಿ. ಎಷ್ಟೋ ಸಲ ಪರೀಕ್ಷಕರೇ ಅದನ್ನು ತಿದ್ದುಪಡಿಯಾಗಿ ಕೇಳುತ್ತಾರೆ.